ಪೂರ್ವಿಗೆ, ಮೈಸೂರಿಗೆ ಹೊರಡುವ ಮುಂಚೆ

ಪೂರ್ವಿ,

ನಾಳೆ ರಾತ್ರಿಯೇ ಬಸ್ಸು ಅಂತ ನಿನ್ನ ಅಮ್ಮ ಹೇಳಿದರು. ಇವತ್ತು ಕ್ಲಾಸಿನಲ್ಲಿ ಎಲ್ಲರ ಎದುರು ನಾಲ್ಕು ಮಾತು ಹೇಳಬೇಕು ಅಂದುಕೊಂಡಿದ್ದೆ. ಗಂಟಲು ಕಟ್ಟಿತು, ಆಗಲಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ, ಸಾಮಾನು ಕಟ್ಟಿ ಮುಗಿದ ಮೇಲೆ ನಿಧಾನಕ್ಕೆ ಓದು.

ಎಂಟನೇ ಕ್ಲಾಸಿನಲ್ಲಿ ನಮ್ಮಲ್ಲಿಗೆ ಬಂದಾಗ ನೀನು ಕಿಟಕಿ ಪಕ್ಕ ಕೂತು ಮೂರು ತಿಂಗಳು ಬಾಯಿ ಬಿಟ್ಟಿರಲಿಲ್ಲ. "ತಿಳೀತಾ?" ಅಂದರೆ ತಲೆ ಆಡಿಸುತ್ತಿದ್ದೆ. ನಾನೂ ನಂಬಿದ್ದೆ. ಆಮೇಲೊಂದು ದಿನ ಅಪವರ್ತನದ ಲೆಕ್ಕ ಅರ್ಧಕ್ಕೆ ಬಂದಾಗ ಎದ್ದು ನಿಂತು "ಅಕ್ಕೋರೇ, ನಂಗೆ ತಿಳೀಲಿಲ್ಲ" ಅಂದೆ. ನಿನ್ನ ಕೈ ನಡುಗುತ್ತಿತ್ತು. ನೀನು ಅಂದದ್ದೇ ತಡ, ಹಿಂದಿನಿಂದ ಇನ್ನೂ ನಾಲ್ಕು ಮಕ್ಕಳು "ನಂಗೂ" ಅಂದರು! ಅವತ್ತಿನಿಂದ ನಾನು ಪಾಠ ಮಾಡುವ ರೀತಿಯೇ ಬದಲಾಯಿತು. ಈಗ ಒಂದು ಮೆಟ್ಟಿಲು ಹೇಳಿ, ನಿನ್ನ ಮುಖ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುತ್ತೇನೆ.

ಈ ಏಪ್ರಿಲ್‌ನಲ್ಲಿ ರಜೆ ಕ್ಲಾಸಿನ ಆ ದೀಪಸ್ತಂಭದ ಲೆಕ್ಕ ನೆನಪಿದೆ ಅಲ್ವಾ? 75 ಮೀಟರ್ ಎತ್ತರ, ಮೇಲಿನಿಂದ ನೋಡಿದರೆ ಒಂದರ ಹಿಂದೆ ಒಂದು ಎರಡು ಹಡಗು, ಅವನತ ಕೋನ 30 ಮತ್ತು 45 ಡಿಗ್ರಿ. ಎಲ್ಲರೂ ಕೋನವನ್ನು ಕಂಬಕ್ಕೆ ತಾಗಿಸಿ ಗುರುತು ಹಾಕಿದ್ದರು. ಹಾಗಲ್ಲ, ಕ್ಷಿತಿಜ ರೇಖೆಯಿಂದ ಕೆಳಕ್ಕೆ ಅಳೀಬೇಕು ಅಂತ ನಾನು ತಿದ್ದಿದೆ, ಎಲ್ಲರೂ ತಿದ್ದಿಕೊಂಡರು. ನೀನೊಬ್ಬಳು ಪೆನ್ನು ಕೆಳಗಿಟ್ಟು "ಯಾಕೆ?" ಅಂದೆ. ಬೋರ್ಡಿನ ಮೇಲೆ ಎಷ್ಟು ಬರೆದರೂ ನಿನಗೆ ಸಮಾಧಾನ ಆಗಲಿಲ್ಲ, ಕೊನೆಗೆ ಎಲ್ಲರನ್ನೂ ತಾರಸಿಗೆ ಕರಕೊಂಡು ಹೋದೆ. ತೆಂಗಿನ ಮರಗಳ ನಡುವೆ ಸಮುದ್ರ ಕಾಣುತ್ತಿತ್ತು. ಬೈತಖೋಲದ ಕಡೆಗೆ ದೋಣಿಗಳು ವಾಪಸ್ ಬರುತ್ತಿದ್ದವು. ಮೊದಲು ನೇರ ನೋಡಿ, ನೀರು ಆಕಾಶ ಕೂಡುವ ಗೆರೆ, ಈಗ ಕಣ್ಣು ಇಳಿಸಿ ದೋಣಿ ನೋಡಿ, ಎಷ್ಟು ಇಳೀತೋ ಅದೇ ಕೋನ, ಅಂದೆ. ನೀನು ಎರಡು ಸಲ ಕಣ್ಣು ಏರಿಸಿ ಇಳಿಸಿ, "ಕ್ಷಿತಿಜ ರೇಖೆ ಅಂದ್ರೆ ಇದೇನಾ!" ಅಂದೆಯಲ್ಲ, ಆ ಮುಖ ನಾನು ಮರೆಯುವುದಿಲ್ಲ. ಕೆಳಗೆ ಬಂದು 75(√3 − 1) ಅಂತ ನೀನೇ ಮೊದಲು ಬರೆದೆ. ಇಷ್ಟು ವರ್ಷ ಆ ಪಾಠ ಮಾಡಿದ್ದೇನೆ, ಮಕ್ಕಳನ್ನು ತಾರಸಿಗೆ ಹತ್ತಿಸಬೇಕು ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಇನ್ನು ಮುಂದೆ ಪ್ರತಿ ವರ್ಷ ಹತ್ತಿಸುತ್ತೇನೆ.

ಮೈಸೂರಿನಲ್ಲಿ ಸಮುದ್ರ ಇಲ್ಲ. ಆ ಗೆರೆ ನಿನ್ನ ಕಣ್ಣಿನಲ್ಲಿ ಕೂತಿದೆ, ಅಷ್ಟು ಸಾಕು.

ಪುಸ್ತಕ ಬದಲಾಗುತ್ತದಾ ಅಂತ ಹೆದರಿದ್ದೆಯಂತೆ. ಇಲ್ಲ ಮಗಾ, ಅಲ್ಲೂ ನಮ್ಮದೇ ಸ್ಟೇಟ್ ಸಿಲಬಸ್, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ರಾಜ್ಯಕ್ಕೆಲ್ಲ ಒಂದೇ. ಬದಲಾಗುವುದು ಕ್ಲಾಸು. ಇಲ್ಲಿ ಹನ್ನೊಂದು ಜನ ಇದ್ದಿರಿ, ಅಲ್ಲಿ ಐವತ್ತು ಅರವತ್ತು ಮಕ್ಕಳು ಇರಬಹುದು, ಪಾಠ ಜೋರಾಗಿ ಓಡಬಹುದು, ಮತ್ತೆ ಕಿಟಕಿ ಪಕ್ಕ ಕೂತು ಸುಮ್ನೆ ತಲೆ ಆಡಿಸಬೇಕು ಅನ್ನಿಸಬಹುದು. ಹಾಗೆ ಮಾಡಬೇಡ. ಮೊದಲ ವಾರದಲ್ಲೇ ಒಂದು ಸಲ ಎದ್ದು ಕೇಳು. ತಡ ಮಾಡಿದಷ್ಟೂ ಕಷ್ಟ ಜಾಸ್ತಿ. ಕೈ ನಡುಗಿದರೂ ಪರವಾಗಿಲ್ಲ, ಅವತ್ತೂ ನಡುಗಿತ್ತು ಅಲ್ವಾ?

ಇನ್ನೊಂದು. ನೀನು "ಎಂತ", "ಅಕ್ಕೋರೇ" ಅಂದರೆ ಅಲ್ಲಿಯವರು ನಗಬಹುದು, ಮನೆಯಲ್ಲಿ ಕೊಂಕಣಿ ಮಾತಾಡುವವಳ ಕನ್ನಡ ಅಂತ ಒಂದಿಬ್ಬರು ಅಣಕಿಸಲೂಬಹುದು. ಅಲ್ಲಿಯ ಟೀಚರನ್ನು ಮಿಸ್ ಅಂತ ಕರಿ, ತಪ್ಪಿಲ್ಲ. ಮಾತು ಮಾತ್ರ ನುಂಗಬೇಡ. ಪ್ರಶ್ನೆ ಸರಿ ಇದ್ದರೆ ಎರಡನೇ ದಿನಕ್ಕೆ ಆ ಮಕ್ಕಳೇ ನಿನ್ನ ನೋಟ್ಸ್ ಕೇಳಿಕೊಂಡು ಬರುತ್ತಾರೆ.

ನಾನೆಲ್ಲೂ ಹೋಗುವುದಿಲ್ಲ. ಲೆಕ್ಕ ಸಿಕ್ಕಿಹಾಕಿಕೊಂಡರೆ ಫೋಟೋ ಕಳಿಸು, ಬರೀ ಪ್ರಶ್ನೆ ಬೇಡ, ನೀನು ಮಾಡಿದ ತಪ್ಪು ಮೆಟ್ಟಿಲುಗಳೂ ಇರಲಿ, ಅವನ್ನು ನೋಡಿದರೇ ನನಗೆ ಗೊತ್ತಾಗುವುದು ಎಲ್ಲಿ ಎಡವಿದೆ ಅಂತ. ಭಾನುವಾರ ರಾತ್ರಿ ಎಂಟರ ಮೇಲೆ ಫೋನ್ ಮಾಡಿದರೆ ನಾನು ಬಿಡುವಾಗಿರುತ್ತೇನೆ.

ನಾಳೆ ಸಂಜೆ ಮನೆ ಕಡೆ ಬಂದು ಹೋಗು. ಅಂಕೋಲಾದಿಂದ ಕರಿ ಈಶಾಡು ಮಾವಿನಹಣ್ಣು ತರಿಸಿದ್ದೇನೆ, ಅರ್ಧ ಡಜನ್ ನಿನಗೆ ಅಂತ ತೆಗೆದಿಟ್ಟಿದ್ದೇನೆ. ತೆಳು ಸಿಪ್ಪೆ, ಬಸ್ಸಿನಲ್ಲಿ ಚೀಲ ಮಡಿಲಲ್ಲೇ ಇಟ್ಟುಕೋ. ನಿನ್ನ ಜ್ಯಾಮಿಟ್ರಿ ಬಾಕ್ಸು ಇಲ್ಲೇ ಬಿಟ್ಟು ಹೋಗಿದ್ದೀಯ, ಅದನ್ನೂ ತಗೊಂಡು ಹೋಗು.

ನಿನ್ನ
ಅಕ್ಕೋರು