ವಿಷಯ: ನಾಲ್ಕನೇ ಸೆಮ್ ಕಾಸ್ಟಿಂಗ್ ಪೇಪರ್‌ದು ಐಎ ಮಾರ್ಕ್ಸ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬಿಟ್ಟೋಗಿದೆ, ರಿಜಿಸ್ಟರ್ ನಂಬರ್ 22BC4617

ಗೆ,
ಮಾನ್ಯ ಕುಲಸಚಿವರು (ಮೌಲ್ಯಮಾಪನ)

ದಿನಾಂಕ: 14-10-2025, ಬೆಂಗಳೂರು

ಉಲ್ಲೇಖ:
ಟ್ರಾನ್ಸ್‌ಕ್ರಿಪ್ಟ್ ಅರ್ಜಿ ನಂಬರ್ TR/2025/08831, ದಿನಾಂಕ 22-09-2025
ಟ್ರಾನ್ಸ್‌ಕ್ರಿಪ್ಟ್ ಸೀರಿಯಲ್ ನಂಬರ್ T-119406
ನಾಲ್ಕನೇ ಸೆಮ್ ಮಾರ್ಕ್ಸ್ ಕಾರ್ಡ್ ನಂಬರ್ 0718342
ನಮ್ಮ ಪ್ರಿನ್ಸಿಪಾಲರ ಪತ್ರ EX/IA/64/2024-25, ದಿನಾಂಕ 25-11-2024

ನಮಸ್ಕಾರ ಸರ್,

ನಾನು ಚೈತ್ರಾ ಎನ್., ಬಿಕಾಂ, ಎನ್‌ಇಪಿ ಸ್ಕೀಮ್, 2022-23ರಲ್ಲಿ ಸೇರಿ ಈ ವರ್ಷ ಆರನೇ ಸೆಮ್ ಮುಗಿಸಿದೀನಿ, ಕಾಲೇಜ್ ಕೋಡ್ 217. ಟ್ರಾನ್ಸ್‌ಕ್ರಿಪ್ಟ್‌ಗೆ ಆನ್‌ಲೈನಲ್ಲಿ ಫೀಸ್ ಕಟ್ಟಿ ಅರ್ಜಿ ಹಾಕಿದ್ದೆ, ಕಳೆದ ಶುಕ್ರವಾರ ಸ್ಪೀಡ್ ಪೋಸ್ಟಲ್ಲಿ ಮನೆಗೆ ಬಂತು, ಆದ್ರೆ ಅದರಲ್ಲಿ ನಾಲ್ಕನೇ ಸೆಮ್‌ನ COM 4.2 ಕಾಸ್ಟಿಂಗ್ ಮೆಥಡ್ಸ್ ಅಂಡ್ ಟೆಕ್ನಿಕ್ಸ್ ಪೇಪರ್‌ಗೆ ಇಂಟರ್ನಲ್ ಮಾರ್ಕ್ಸ್ ಪ್ರಿಂಟ್ ಆಗಿಲ್ಲ ಸರ್.

ಎರಡನೇ ಪುಟ ನೋಡಿದ್ರೆ ಗೊತ್ತಾಗುತ್ತೆ. COM 4.1 ಸಾಲಲ್ಲಿ ಥಿಯರಿ 46, ಐಎ 35, ಒಟ್ಟು 81 ಅಂತ ಸರಿಯಾಗಿದೆ. ಅದರ ಕೆಳಗಿನ ಸಾಲಲ್ಲೇ ಥಿಯರಿ 41, ಐಎ ಜಾಗದಲ್ಲಿ ಬರೀ ಒಂದು ಗೆರೆ, ಒಟ್ಟು ಅನ್ನೋ ಕಡೆ ಮತ್ತೆ 41, ಗ್ರೇಡ್ ಖಾಲಿ. ಹಾಗಾಗಿ ಆ ಸೆಮ್‌ದು ಎಸ್‌ಜಿಪಿಎನೂ ಬಂದಿಲ್ಲ, ಕೊನೇಲಿ ಸಿಜಿಪಿಎ ಕೂಡ ಬಂದಿಲ್ಲ. ನೀವೇ ಕೊಟ್ಟಿರೋ ಮಾರ್ಕ್ಸ್ ಕಾರ್ಡಲ್ಲಿ ಇದೇ ಪೇಪರ್‌ಗೆ ಥಿಯರಿ 60ಕ್ಕೆ 41, ಐಎ 40ಕ್ಕೆ 33, ಒಟ್ಟು 74, ಪಾಸ್ ಅಂತ ಸ್ಪಷ್ಟವಾಗಿದೆ. ಬೇರೆ ಎಲ್ಲಾ ಸೆಮ್‌ದು ಒಂದೊಂದೇ ಸಾಲು ಮಾರ್ಕ್ಸ್ ಕಾರ್ಡ್ ಪಕ್ಕ ಇಟ್ಟು ತಾಳೆ ನೋಡಿದೀನಿ, ಅಲ್ಲೆಲ್ಲೂ ವ್ಯತ್ಯಾಸ ಇಲ್ಲ.

ಯಾಕೆ ಹೀಗಾಗಿರಬಹುದು ಅಂತ ನನಗೆ ಅನ್ಸೋದು ಹೇಳ್ತೀನಿ, ಹುಡುಕೋಕೆ ಅನುಕೂಲ ಆಗಬಹುದು. 18-11-2024ಕ್ಕೆ ರಿಸಲ್ಟ್ ಬಂದಾಗ ನಮ್ಮ ಕಾಲೇಜಿನ ಒಂದಷ್ಟು ಜನರದ್ದು ಈ ಪೇಪರ್ ವಿತ್‌ಹೆಲ್ಡ್ ಅಂತ ತೋರಿಸ್ತಿತ್ತು, ಕಾಲೇಜಿಂದ ಐಎ ಅಪ್‌ಲೋಡ್ ಆಗಿರಲಿಲ್ಲ, ಆಮೇಲೆ ಪ್ರಿನ್ಸಿಪಾಲ್ ಸೈನ್ ಹಾಕಿ ಪಟ್ಟಿ ಕಳಿಸಿದ್ರು (ಮೇಲೆ ಕೊಟ್ಟಿರೋ ಪತ್ರ ಅದೇ), ಡಿಸೆಂಬರ್ 6ಕ್ಕೆ ರಿಸಲ್ಟ್ ಅಪ್‌ಡೇಟ್ ಆಯ್ತು, ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆಗಿದ್ದು ಅದಾದ ಮೇಲೆ. ಟ್ರಾನ್ಸ್‌ಕ್ರಿಪ್ಟ್ ಬಹುಶಃ ಮೊದಲನೇ ಪಟ್ಟಿಯಿಂದ ತಗೊಂಡಿದಾರೆ ಅನ್ಸುತ್ತೆ. ಹಾಗಿದ್ರೆ ನಂದೊಂದೇ ಅಲ್ಲ, ಆ ಪಟ್ಟಿಲಿದ್ದ ಉಳಿದವರಿಗೂ ಹೀಗೇ ಬರುತ್ತೆ, ದಯವಿಟ್ಟು ಅವರದ್ದೂ ಒಂದ್ಸಲ ಚೆಕ್ ಮಾಡ್ಸಿ ಸರ್, ಎಷ್ಟೋ ಜನ ಬಂದ ಕವರ್ ಹಾಗೇ ಎತ್ತಿಟ್ಟಿರ್ತಾರೆ, ಕೆಲಸಕ್ಕೆ ಕೊಡೋವಾಗಲೇ ನೋಡೋದು.

ಇದು ರೀವ್ಯಾಲ್ಯುಯೇಷನ್ ಅರ್ಜಿ ಅಲ್ಲ, ರೀಟೋಟಲಿಂಗೂ ಅಲ್ಲ. ಬಂದಿರೋ ಮಾರ್ಕ್ಸ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಫೋನ್ ಮಾಡಿ ಕೇಳ್ದಾಗ ರೀವ್ಯಾಲ್ಯುಯೇಷನ್ ಸೆಕ್ಷನ್‌ಗೆ ಹೋಗಿ ಅಂದ್ರು, ಅದಕ್ಕೇ ಇದನ್ನ ಬಿಡಿಸಿ ಬರೀತಿದೀನಿ. ಆಗಬೇಕಾಗಿರೋದು ಇಷ್ಟೇ: ನಿಮ್ಮ ಮಾರ್ಕ್ಸ್ ಲೆಡ್ಜರಲ್ಲಿರೋ 33 ಟ್ರಾನ್ಸ್‌ಕ್ರಿಪ್ಟ್‌ಗೆ ಸೇರಿ, ಒಟ್ಟು, ಗ್ರೇಡ್, ಎಸ್‌ಜಿಪಿಎ, ಸಿಜಿಪಿಎ ಸಮೇತ ಹೊಸದಾಗಿ ಪ್ರಿಂಟ್ ಆಗಿ ಬರಬೇಕು. ಪೆನ್ನಲ್ಲಿ ತಿದ್ದಿ ಸೀಲ್ ಹಾಕಿ ಕೊಟ್ರೆ ಕಂಪನಿಯವರು ಒಪ್ಪಲ್ಲ. ತಪ್ಪು ನನ್ನ ಕಡೆಯಿಂದ ಆಗಿಲ್ಲದ್ದರಿಂದ ಇನ್ನೊಂದ್ಸಲ ಫೀಸ್ ಕೇಳಬಾರದು ಅಂತ ವಿನಂತಿ. ಹಳೇ ಪ್ರತಿ ಒರಿಜಿನಲ್ ನನ್ನ ಹತ್ರನೇ ಇದೆ, ಹೊಸದು ತಗೊಳ್ಳೋವಾಗ ವಾಪಸ್ ಕೊಡ್ತೀನಿ.

ನನಗೆ ಔಟರ್ ರಿಂಗ್ ರೋಡಲ್ಲಿರೋ ಒಂದು ಕಂಪನೀಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ, ನವೆಂಬರ್ 3ಕ್ಕೆ ಜಾಯಿನಿಂಗ್, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ಗೆ ಅಕ್ಟೋಬರ್ 27ರೊಳಗೆ ಟ್ರಾನ್ಸ್‌ಕ್ರಿಪ್ಟ್ ಕೊಡಬೇಕು ಅಂದಿದಾರೆ. ಕಾಸ್ಟಿಂಗ್‌ಗೆ ಅಂತಾನೇ ತಗೊಂಡಿರೋದು ಸರ್, ಅದೇ ಪೇಪರಲ್ಲಿ ನೂರಕ್ಕೆ 41 ಅಂತ ಕಂಡ್ರೆ ಅವರು ಏನಂದ್ಕೋತಾರೆ ಹೇಳಿ. ಅಷ್ಟರೊಳಗೆ ಹೊಸ ಪ್ರತಿ ಆಗಲ್ಲ ಅನ್ನೋದಾದ್ರೆ, COM 4.2ಗೆ 74 ಬಂದಿರೋದು ನಿಜ, ತಿದ್ದಿದ ಟ್ರಾನ್ಸ್‌ಕ್ರಿಪ್ಟ್ ಕಳಿಸ್ತಿದೀವಿ ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿಸಿದ್ರೂ ಸದ್ಯಕ್ಕೆ ಸಾಕು.

ಕಾಲೇಜಿಂದ ಏನಾದ್ರೂ ಮತ್ತೆ ಬೇಕಿದ್ರೆ ನಿಮ್ಮ ಆಫೀಸಿಂದ ನೇರವಾಗಿ ಪ್ರಿನ್ಸಿಪಾಲರಿಗೇ ಮೇಲ್ ಹಾಕ್ಸಿ, ಐಎ ರಿಜಿಸ್ಟರ್ ಅವರ ಹತ್ರ ಇದೆ, ಕೇಳಿದ ದಿನಾನೇ ಕಳಿಸ್ತೀವಿ ಅಂದಿದಾರೆ. ಈ ಮೇಲ್‌ನ ಪ್ರಿಂಟ್ ಮೇಲೆ ಸೈನ್ ಮಾಡಿ ನಾಳೆ ಟಪಾಲಲ್ಲೂ ಕೊಡ್ತೀನಿ. ಇನ್‌ವರ್ಡ್ ನಂಬರ್, ಯಾವ ಕೇಸ್ ವರ್ಕರ್ ಹತ್ರ ಫೈಲ್ ಹೋಗಿದೆ ಅನ್ನೋದು ಈ ಮೇಲ್‌ಗೇ ಉತ್ತರವಾಗಿ ತಿಳಿಸಿದ್ರೆ ಅವರನ್ನೇ ಬಂದು ನೋಡ್ತೀನಿ.

ಇಂತಿ ತಮ್ಮ ವಿಶ್ವಾಸಿ,
ಚೈತ್ರಾ ಎನ್.
ರಿಜಿಸ್ಟರ್ ನಂಬರ್ 22BC4617
ಲಗ್ಗೆರೆ, ಬೆಂಗಳೂರು

ಅಡಕ: ಟ್ರಾನ್ಸ್‌ಕ್ರಿಪ್ಟ್ ಎರಡನೇ ಪುಟದ ಸ್ಕ್ಯಾನ್, ನಾಲ್ಕನೇ ಸೆಮ್ ಮಾರ್ಕ್ಸ್ ಕಾರ್ಡ್, ಹಾಲ್ ಟಿಕೆಟ್, ಫೀಸ್ ಕಟ್ಟಿದ ರಸೀದಿ, ಪ್ರಿನ್ಸಿಪಾಲರ ಪತ್ರದ ಪ್ರತಿ, ಕಂಪನಿ ಆಫರ್ ಲೆಟರ್‌ನ ಮೊದಲ ಪುಟ