ಪೀಣ್ಯದಲ್ಲಿ ಅಕೌಂಟ್ಸ್ ಕೆಲಸ ಖಾಲಿ ಇದೆ: 2ರಿಂದ 5 ವರ್ಷ ಅನುಭವ, ತಿಂಗಳಿಗೆ 32,000ದಿಂದ 42,000

ಎಲ್ಲರಿಗೂ ನಮಸ್ಕಾರ.

ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಜಾಗ ಖಾಲಿ ಆಗುತ್ತಿದೆ. ಇರುವುದು ಒಂದೇ ಜಾಗ. ಈಗ ಆ ಸೀಟಿನಲ್ಲಿ ಇರುವವರು ಮದುವೆ ಆಗಿ ಬೇರೆ ಊರಿಗೆ ಹೋಗುತ್ತಿದ್ದಾರೆ. ಜಗಳ ಆಡಿ ಬಿಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗೆ ಜಾಹೀರಾತು ಕೊಡುವ ಮುಂಚೆ ಗೊತ್ತಿರುವವರಲ್ಲಿ ಯಾರಾದರೂ ಇದ್ದಾರಾ ನೋಡಿ ಅಂತ ನಮ್ಮ ಮ್ಯಾನೇಜರ್ ಹೇಳಿದರು. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಓದಲು ಸಮಯ ಇಲ್ಲದವರಿಗೆ ಇಷ್ಟು:

ಕೆಲಸ: ಅಕೌಂಟ್ಸ್ ಎಕ್ಸಿಕ್ಯೂಟಿವ್ (ಟ್ಯಾಲಿ, ಜಿಎಸ್‌ಟಿ, ಟಿಡಿಎಸ್)
ಅನುಭವ: 2ರಿಂದ 5 ವರ್ಷ
ಜಾಗ: ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು. ಆಫೀಸಿಗೇ ಬರಬೇಕು
ಸಂಬಳ: ತಿಂಗಳಿಗೆ ಗ್ರಾಸ್ 32,000ದಿಂದ 42,000
ಸಮಯ: ಬೆಳಿಗ್ಗೆ 9.30ರಿಂದ ಸಂಜೆ 6. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ
ಸಿವಿ ಕಳಿಸಲು ಕೊನೆಯ ದಿನ: 2026ರ ಜೂನ್ 20, ಶನಿವಾರ

ಆಸಕ್ತಿ ಇದ್ದರೆ ಪೂರ್ತಿ ಓದಿ. ಕೆಳಗೆ ಬರೆದಿರುವುದನ್ನೇ ಮತ್ತೆ ಮೆಸೇಜಿನಲ್ಲಿ ಕೇಳಿದರೆ ನನಗೆ ಸ್ವಲ್ಪ ಬೇಜಾರಾಗುತ್ತದೆ.

ನಮ್ಮದು ಸಿಎನ್‌ಸಿ ಮೆಷಿನ್‌ಗಳಲ್ಲಿ ವಾಹನಗಳ ಬಿಡಿಭಾಗ ಮಾಡುವ ಫ್ಯಾಕ್ಟರಿ. ಸುಮಾರು 85 ಜನ ಇದ್ದೇವೆ. ವರ್ಷದ ವಹಿವಾಟು 22 ಕೋಟಿ ಹತ್ತಿರ. ನಾನು ಇಲ್ಲಿ ಪರ್ಚೇಸ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಅಕೌಂಟ್ಸ್‌ನವರ ಟೇಬಲ್ ನನ್ನ ಪಕ್ಕದಲ್ಲೇ ಇರುವುದರಿಂದ ಆ ಕೆಲಸದ ಕಷ್ಟ ಸುಖ ದಿನಾ ನೋಡುತ್ತಿದ್ದೇನೆ. ಕಂಪನಿ ಹೆಸರನ್ನು ಗುಂಪಿನಲ್ಲಿ ಹಾಕುತ್ತಿಲ್ಲ. ಹೋದ ಸಲ ಹಾಕಿದಾಗ ಎರಡು ವಾರ ಬರೀ ಏಜೆನ್ಸಿಗಳ ಫೋನ್ ಬಂದು ರಿಸೆಪ್ಷನ್‌ನವರು ನನ್ನ ಮೇಲೆ ರೇಗಿದ್ದರು. ನೇರವಾಗಿ ಮೆಸೇಜ್ ಮಾಡಿದರೆ ಸಿವಿ ಕಳಿಸುವ ಮುಂಚೆಯೇ ಹೆಸರು, ವಿಳಾಸ ಎರಡೂ ಹೇಳುತ್ತೇನೆ. ನೀವೂ ವಿಚಾರಿಸಿಕೊಳ್ಳಬೇಕಲ್ವಾ?

ಈಗ ಕೆಲಸದ ವಿಷಯ. ಸುಮ್ನೆ ಬಿಲ್ ಎಂಟ್ರಿ ಮಾಡಿಕೊಂಡು ಕೂರುವ ಸೀಟಲ್ಲ ಇದು. ತಿಂಗಳು ಹೇಗೆ ಓಡುತ್ತದೆ ಅಂತ ಹೇಳಿದರೆ ನಿಮಗೇ ಅಂದಾಜು ಸಿಗುತ್ತದೆ. 7ನೇ ತಾರೀಖಿನೊಳಗೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1. 14ಕ್ಕೆ 2ಬಿ ಬರುತ್ತದೆ, ಅದನ್ನು ನಮ್ಮ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡಬೇಕು. 20ಕ್ಕೆ 3ಬಿ. ಈ ನಡುವೆ ದಿನಾ ಇ-ಇನ್‌ವಾಯ್ಸ್, 50,000 ರೂಪಾಯಿಗಿಂತ ಹೆಚ್ಚಿನ ಮಾಲು ಹೊರಟರೆ ಇ-ವೇ ಬಿಲ್. ಪಿಎಫ್, ಇಎಸ್‌ಐ, ಸಂಬಳದ ಲೆಕ್ಕ ನಿಮ್ಮ ತಲೆಗೆ ಬರುವುದಿಲ್ಲ, ಅದನ್ನು ಎಚ್‌ಆರ್ ನೋಡಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಸಮಯ ತಿನ್ನುವುದು 2ಬಿ ತಾಳೆ. ನಮಗೆ ಮಾಲು ಕೊಡುವ ಸಣ್ಣ ವೆಂಡರ್‌ಗಳೇ ಅರವತ್ತಕ್ಕಿಂತ ಹೆಚ್ಚು ಇದ್ದಾರೆ. ಅವರಲ್ಲಿ ಕೆಲವರು ಬಿಲ್ ಕೊಟ್ಟು ರಿಟರ್ನ್ ಹಾಕುವುದನ್ನು ಮರೆಯುತ್ತಾರೆ. ಇನ್ನು ಕೆಲವರು ಬಿಲ್ ನಂಬರ್ ತಪ್ಪು ಹಾಕುತ್ತಾರೆ. 2ಬಿಯಲ್ಲಿ ಬರದಿದ್ದರೆ ಆ ತಿಂಗಳು ನಮಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ದುಡ್ಡು ಕೈಯಿಂದ ಕಟ್ಟಬೇಕು. ಹಾಗಾಗಿ 15ರಿಂದ 18ರವರೆಗೆ ಫೋನ್ ಹಿಡಿದು ಒಬ್ಬೊಬ್ಬರನ್ನೇ ಕೇಳುವ ಕೆಲಸ ಇರುತ್ತದೆ. ಜಗಳ ಆಡದೆ, ಆದರೆ ಬಿಡದೆ ಕೇಳುವ ಸ್ವಭಾವ ಬೇಕು. ಈಗ ಇರುವವರು ಅದರಲ್ಲಿ ಗಟ್ಟಿ. ಅವರ ಫೋನ್ ಹೋದರೆ ಕೆಲವು ವೆಂಡರ್‌ಗಳು ಎತ್ತುವ ಮೊದಲೇ ರಿಟರ್ನ್ ಹಾಕಿರುತ್ತಾರೆ ಅಂತ ನಾವು ತಮಾಷೆ ಮಾಡುತ್ತೇವೆ.

ಎರಡನೆಯದು ಜಾಬ್ ವರ್ಕ್. ನಮ್ಮ ಭಾಗಗಳು ಪ್ಲೇಟಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋಗಿ ಬರುತ್ತವೆ. ಚಲನ್ ಮೇಲೆ ಹೋದದ್ದು ವರ್ಷದೊಳಗೆ ವಾಪಸ್ ಬಂತಾ, ಎಷ್ಟು ಬಂತು, ಎಷ್ಟು ಸ್ಕ್ರ್ಯಾಪ್ ಆಯಿತು ಅನ್ನುವ ಲೆಕ್ಕ ಇಡಬೇಕು. ಆರು ತಿಂಗಳಿಗೊಮ್ಮೆ ಐಟಿಸಿ-04 ಹಾಕಬೇಕು. ಟ್ರೇಡಿಂಗ್ ಕಂಪನಿಯಿಂದ ಬರುವವರಿಗೆ ಇದು ಹೊಸದು. ಕಲಿಸುತ್ತೇವೆ, ಅದಕ್ಕೆ ಹೆದರಿ ಹಿಂದೆ ಸರಿಯಬೇಡಿ.

ಸಣ್ಣ ಉದ್ದಿಮೆಗಳ ಪೇಮೆಂಟ್ 45 ದಿನ ದಾಟದಂತೆ ಪಟ್ಟಿ ಇಡುವುದು, ಬ್ಯಾಂಕ್ ತಾಳೆ, ವರ್ಷಕ್ಕೊಮ್ಮೆ ಆಡಿಟರ್ ಬಂದಾಗ ಕಾಗದ ಒದಗಿಸುವುದು, ಇವೂ ಇವೆ.

ಅನುಭವ ಕನಿಷ್ಠ 2 ವರ್ಷ ಬೇಕೇ ಬೇಕು. ಬಿಕಾಂ ಮಾಡಿದವರಾದರೆ ಸಾಕು, ಎಂಕಾಂ ಕೇಳುತ್ತಿಲ್ಲ. ಆಡಿಟರ್ ಆಫೀಸಿನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿದವರು, ಸಿಎ ಇಂಟರ್‌ನಲ್ಲಿ ನಿಂತುಹೋದವರು ಖಂಡಿತ ಹಾಕಿ. ನನ್ನ ಪ್ರಕಾರ ಈ ಸೀಟಿಗೆ ಅವರೇ ಚೆನ್ನಾಗಿ ಹೊಂದುತ್ತಾರೆ. ಟ್ಯಾಲಿ ಪ್ರೈಮ್ ಬರಬೇಕು. ಎಕ್ಸೆಲ್‌ನಲ್ಲಿ VLOOKUP ಮತ್ತು ಪಿವಟ್ ಯಾರನ್ನೂ ಕೇಳದೆ ಮಾಡಲು ಬರಬೇಕು. ಹೊಸೂರಿನ ಗಿರಾಕಿಗೆ ಬಿಲ್ ಹಾಕಿದರೆ ಐಜಿಎಸ್‌ಟಿ, ತುಮಕೂರಿನವರಿಗೆ ಹಾಕಿದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಅಂತ ಯೋಚಿಸದೆ ಹೇಳುವಷ್ಟು ಕೈ ಪಳಗಿರಬೇಕು. ಕನ್ನಡ ಮಾತಾಡಲು ಬರಬೇಕು. ಇಂಗ್ಲಿಷ್‌ನಲ್ಲಿ ಮೇಲ್ ಬರೆಯಲು ಬಂದರೆ ಸಾಕು, ಇಂಟರ್ವ್ಯೂ ಕನ್ನಡದಲ್ಲೇ ನಡೆಯುತ್ತದೆ.

ಮಗು ಆದಮೇಲೆ ಒಂದೆರಡು ವರ್ಷ ಬಿಡುವು ತಗೊಂಡಿದ್ದೇನೆ, ಹಾಕಬಹುದಾ ಅಂತ ಹೋದ ಸಲ ಇಬ್ಬರು ಕೇಳಿದ್ದರು. ಹಾಕಿ. ಆ ಬಿಡುವನ್ನು ಸಿವಿಯಲ್ಲಿ ಮುಚ್ಚಿಡಬೇಡಿ, ಅಷ್ಟೇ. ಈಗಷ್ಟೇ ಕಾಲೇಜು ಮುಗಿಸಿದವರಿಗೆ ಈ ಸಲ ಇಲ್ಲ. ನಿಮ್ಮ ಸಿವಿ ತಗೊಂಡು ಸುಳ್ಳು ಭರವಸೆ ಕೊಡಲು ನನಗೆ ಇಷ್ಟ ಇಲ್ಲ.

ಸಂಬಳವನ್ನು ತಲೆಬರಹದಲ್ಲೇ ಹಾಕಲು ಒಂದು ಕಾರಣ ಇದೆ. ಹಿಂದೆ ನಾನೇ ಒಂದು ಕಡೆ ಮೂರು ರೌಂಡ್ ಇಂಟರ್ವ್ಯೂಗೆ ಹೋಗಿದ್ದೆ. ಅದಕ್ಕೆ ಎರಡು ದಿನ ರಜೆಯೂ ಹಾಕಿದ್ದೆ. ‘ಮಾರುಕಟ್ಟೆಗೆ ತಕ್ಕ ಹಾಗೆ ಕೊಡುತ್ತೇವೆ’ ಅಂತ ಹೇಳುತ್ತಾ ಬಂದವರು ಕೊನೆಗೆ ಹೇಳಿದ ಅಂಕಿ ಆಗ ನನಗೆ ಬರುತ್ತಿದ್ದ ಸಂಬಳಕ್ಕಿಂತ ಕಡಿಮೆ ಇತ್ತು. ಆಮೇಲಿಂದ ಸಂಬಳ ಹೇಳದ ಕೆಲಸವನ್ನು ನಾನು ಯಾರಿಗೂ ಕಳಿಸುವುದಿಲ್ಲ. ಈ ಸಲವೂ ಅಂಕಿ ಹಾಕಲು ಒಪ್ಪಿದರೆ ಮಾತ್ರ ಪೋಸ್ಟ್ ಮಾಡುತ್ತೇನೆ ಅಂದೆ, ಒಪ್ಪಿದರು.

ಹೇಳಿರುವುದು ಗ್ರಾಸ್, ಸಿಟಿಸಿ ಅಲ್ಲ. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಡಿತ ಆಗುತ್ತದೆ. ಅಂದರೆ 32,000ಕ್ಕೆ ಕೈಗೆ 30,000, 42,000ಕ್ಕೆ ಕೈಗೆ 40,000. ಕಂಪನಿ ಪಾಲಿನ ಪಿಎಫ್ ಇದರ ಮೇಲೆ ಬೇರೆ, ಅದನ್ನು ನಿಮ್ಮ ಸಂಬಳದಿಂದ ಹಿಡಿಯುವುದಿಲ್ಲ. 21,000 ದಾಟುವುದರಿಂದ ಇಎಸ್‌ಐ ಬರುವುದಿಲ್ಲ, ಬದಲಿಗೆ ಕಂಪನಿಯೇ 3 ಲಕ್ಷದ ಆರೋಗ್ಯ ವಿಮೆ ಮಾಡಿಸುತ್ತದೆ. ಆಯುಧ ಪೂಜೆಗೆ ಬೋನಸ್ ಇದೆ. ಆದರೆ ಅದು ಆ ವರ್ಷದ ಲಾಭ ನೋಡಿ ಕೊಡುವುದು, ಅದನ್ನು ಲೆಕ್ಕಕ್ಕೆ ಹಿಡಿದು ಬರಬೇಡಿ.

ಈ ಮಿತಿಯಲ್ಲಿ ಯಾರಿಗೆ ಎಷ್ಟು ಅಂತ ಕೇಳುತ್ತೀರಿ, ಗೊತ್ತು. ಎಂಟ್ರಿ ಗೊತ್ತು, ರಿಟರ್ನ್ ಬೇರೆಯವರು ಹಾಕುತ್ತಿದ್ದರು ಅನ್ನುವವರಿಗೆ 32ರಿಂದ 35 ಸಾವಿರ. 1 ಮತ್ತು 3ಬಿ ಒಬ್ಬರೇ ಹಾಕಿ ಅಭ್ಯಾಸ ಇರುವವರಿಗೆ 36ರಿಂದ 39. ಫ್ಯಾಕ್ಟರಿಯಲ್ಲಿ ಜಾಬ್ ವರ್ಕ್ ಲೆಕ್ಕ ನೋಡಿ, ಆಡಿಟ್ ಎದುರಿಸಿದವರಿಗೆ 40ರಿಂದ 42. ಇಂಟರ್ವ್ಯೂನಲ್ಲಿ ಒಂದು ಸಾವಿರ ಆಚೀಚೆ ಆಗಬಹುದು. 42ರ ಮೇಲೆ ಹೋಗುವುದಿಲ್ಲ. ಈಗಾಗಲೇ 45 ತಗೊಳ್ಳುತ್ತಿರುವವರು ದಯವಿಟ್ಟು ಇದನ್ನು ಬೇರೆಯವರಿಗೆ ಕಳಿಸಿ.

ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದಿಂದ ಫ್ಯಾಕ್ಟರಿಗೆ ನಡೆದರೆ ಹನ್ನೆರಡು ನಿಮಿಷ. ಹಸಿರು ಮಾರ್ಗ ಆದ್ದರಿಂದ ಮೆಜೆಸ್ಟಿಕ್, ಜಯನಗರ ಕಡೆಯವರು ಒಂದೇ ರೈಲಿನಲ್ಲಿ ಬರಬಹುದು. ಕಂಪನಿ ಗಾಡಿ ಇಲ್ಲ. ಮಧ್ಯಾಹ್ನ ಕ್ಯಾಂಟೀನ್ ಊಟ ಉಚಿತ, ಸಾಧಾರಣವಾಗಿರುತ್ತದೆ. ಮಳೆ ಬಂದರೆ ನಮ್ಮ ಕ್ರಾಸ್‌ನಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಧೂಳು. ಆಫೀಸ್ ಮೊದಲ ಮಹಡಿಯಲ್ಲಿದೆ, ಕೆಳಗಿನ ಮೆಷಿನ್ ಸದ್ದು ಸ್ವಲ್ಪ ಕೇಳಿಸುತ್ತದೆ. ವಾರದ ನಂತರ ಕಿವಿಗೆ ಅಭ್ಯಾಸ ಆಗುತ್ತದೆ. ಮನೆಯಿಂದ ಕೆಲಸ ಮಾಡುವ ಅವಕಾಶ ಇಲ್ಲ. 10, 11 ಮತ್ತು 19, 20ನೇ ತಾರೀಖು ರಜೆ ಸಿಗುವುದು ಕಷ್ಟ, ಆ ದಿನಗಳಲ್ಲಿ ಸಂಜೆ ಏಳೂವರೆ ಆಗಬಹುದು. ಉಳಿದ ದಿನ ಆರಕ್ಕೆ ಎದ್ದರೆ ಯಾರೂ ಗುರಾಯಿಸುವುದಿಲ್ಲ.

ಅರ್ಜಿ ಹಾಕುವುದು ಹೀಗೆ. ಈ ಪೋಸ್ಟಿನ ಕೆಳಗೆ ‘ಆಸಕ್ತಿ ಇದೆ’ ಅಂತ ಬರೆದು ಬಿಡಬೇಡಿ, ನನಗೆ ನೇರವಾಗಿ ಮೆಸೇಜ್ ಮಾಡಿ. ಸಿವಿ ಪಿಡಿಎಫ್ ಇರಲಿ, ಎರಡು ಪುಟ ದಾಟದಿರಲಿ, ಫೈಲಿಗೆ ನಿಮ್ಮ ಹೆಸರು ಇಡಿ. ‘ನ್ಯೂ ಸಿವಿ ಫೈನಲ್’ ಅನ್ನುವ ಹೆಸರಿನ ಫೈಲುಗಳೇ ಹೋದ ಸಲ ನಾಲ್ಕು ಬಂದಿದ್ದವು. ಮೆಸೇಜಿನಲ್ಲೇ ನಾಲ್ಕು ವಿಷಯ ಬರೆಯಿರಿ: ಈಗಿನ ಸಂಬಳ ಮತ್ತು ನಿಮ್ಮ ನಿರೀಕ್ಷೆ, ನೋಟಿಸ್ ಎಷ್ಟು ದಿನ, ಯಾವ ರಿಟರ್ನ್‌ಗಳನ್ನು ನೀವೇ ಹಾಕಿದ್ದೀರಿ, ಈಗ ಮನೆ ಯಾವ ಏರಿಯಾದಲ್ಲಿ. ಸಂಬಳ ಹೇಳಲು ಇಷ್ಟ ಇಲ್ಲದಿದ್ದರೆ ನಿರೀಕ್ಷೆ ಮಾತ್ರ ಬರೆಯಿರಿ, ಪರವಾಗಿಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ವಿವರ ಈಗ ಯಾರೂ ಕಳಿಸಬೇಡಿ, ಅದು ಆಫರ್ ಕೈಗೆ ಬಂದಮೇಲೆ.

ನನ್ನ ಕೆಲಸ ನಿಮ್ಮ ಸಿವಿಯನ್ನು ಮ್ಯಾನೇಜರ್ ಟೇಬಲ್‌ಗೆ ತಲುಪಿಸುವುದು. ಆಯ್ಕೆ ನನ್ನ ಕೈಯಲ್ಲಿ ಇಲ್ಲ. ಇಂಟರ್ವ್ಯೂ ಜೂನ್ 23ರಿಂದ 25ರ ನಡುವೆ, 3ಬಿ ಗಡಿಬಿಡಿ ಮುಗಿದ ಮೇಲೆ. ಒಂದೇ ದಿನದಲ್ಲಿ ಎರಡು ಸುತ್ತು. ಮೊದಲು 45 ನಿಮಿಷದ ಪರೀಕ್ಷೆ: ಟ್ಯಾಲಿಯಲ್ಲಿ ಹದಿನೈದು ಬಿಲ್ ಎಂಟ್ರಿ, ಎಕ್ಸೆಲ್‌ನಲ್ಲಿ ಸಣ್ಣ 2ಬಿ ತಾಳೆ. ಆಮೇಲೆ ಮ್ಯಾನೇಜರ್ ಜೊತೆ ಮಾತು. ಸಿವಿ ಆಯ್ಕೆ ಆಗದವರಿಗೂ 22ರೊಳಗೆ ನಾನೇ ತಿಳಿಸುತ್ತೇನೆ. ಸೇರುವುದು ಜುಲೈ 27ರೊಳಗೆ ಆಗಬೇಕು. ಈಗಿನವರು ಆಗಸ್ಟ್ 22ರವರೆಗೆ ಇರುತ್ತಾರೆ, ಅಷ್ಟರಲ್ಲಿ ಒಂದು ತಿಂಗಳ ರಿಟರ್ನ್‌ಗಳನ್ನೆಲ್ಲ ಅವರ ಜೊತೆ ಕೂತು ಹಾಕಬಹುದು. 60, 90 ದಿನ ನೋಟಿಸ್ ಇರುವವರಿಗೆ ಇದೇ ಕಾರಣಕ್ಕೆ ಆಗುವುದಿಲ್ಲ.

ಇನ್ನೊಂದು ವಿಷಯ. ನಾನು ಕಳಿಸಿದವರು ಸೇರಿ ಮೂರು ತಿಂಗಳು ಮುಗಿಸಿದರೆ ಕಂಪನಿ ನನಗೆ 10,000 ರೂಪಾಯಿ ರೆಫರಲ್ ಬೋನಸ್ ಕೊಡುತ್ತದೆ. ಅದು ನಿಮ್ಮ ಸಂಬಳದಿಂದ ಹೋಗುವುದಲ್ಲ. ನನಗಾಗಲಿ, ನಮ್ಮ ಆಫೀಸಿನ ಯಾರಿಗಾಗಲಿ ನೀವು ಒಂದು ರೂಪಾಯಿಯೂ ಕೊಡುವಂತಿಲ್ಲ. ಈ ಕೆಲಸದ ಹೆಸರು ಹೇಳಿ ಯಾರಾದರೂ ನೋಂದಣಿ ಶುಲ್ಕ, ಟ್ರೈನಿಂಗ್ ಶುಲ್ಕ ಕೇಳಿದರೆ ಕೊಡಬೇಡಿ, ನನಗೆ ತಿಳಿಸಿ.

ಬೇರೆ ಗುಂಪುಗಳಿಗೆ ಹಂಚುವುದಾದರೆ ಕತ್ತರಿಸದೆ ಪೂರ್ತಿ ಹಂಚಿ. ಹಗಲಲ್ಲಿ ಫೋನ್ ಎತ್ತಲು ಆಗುವುದಿಲ್ಲ, ಮೆಸೇಜ್‌ಗೆ ರಾತ್ರಿ ಎಂಟರ ಮೇಲೆ ಉತ್ತರ ಕೊಡುತ್ತೇನೆ. ಜಾಗ ತುಂಬಿದ ದಿನ ಇಲ್ಲೇ ಕೆಳಗೆ ‘ಭರ್ತಿ ಆಯಿತು’ ಅಂತ ಹಾಕುತ್ತೇನೆ.