ಲೆಕ್ಕಿಗ ಹುದ್ದೆಗೆ ಅರ್ಜಿ: ಶಿರಸಿಯ ಅಡಿಕೆ ಮಾರಾಟ ಸಹಕಾರ ಸಂಘಕ್ಕೆ ಇ-ಮೇಲ್

ವಿಷಯ: ಲೆಕ್ಕಿಗ ಹುದ್ದೆಗೆ ಅರ್ಜಿ – ದೀಪಾ ಗಣಪತಿ ನಾಯ್ಕ, ಕುಮಟಾ – ಬಿ.ಕಾಂ., ನಾಲ್ಕೂವರೆ ವರ್ಷ ಅನುಭವ

ದಿನಾಂಕ: 12 ಜನವರಿ 2026

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು,
ಅಡಿಕೆ ಮಾರಾಟ ಸಹಕಾರ ಸಂಘ,
ಶಿರಸಿ, ಉತ್ತರ ಕನ್ನಡ ಜಿಲ್ಲೆ

ಉಲ್ಲೇಖ: ದಿನಾಂಕ 05-01-2026ರಂದು ಸಂಘದ ಸೂಚನಾ ಫಲಕದಲ್ಲಿ ಪ್ರಕಟವಾದ ನೇಮಕಾತಿ ಸೂಚನೆ

ಮಾನ್ಯರೇ,

ಸಾದರ ವಂದನೆಗಳು.

ಮೇಲ್ಕಾಣಿಸಿದ ಸೂಚನೆಯಂತೆ ತಮ್ಮ ಸಂಘದಲ್ಲಿ ಖಾಲಿ ಇರುವ ಲೆಕ್ಕಿಗ ಹುದ್ದೆಗೆ ಈ ಮೂಲಕ ಅರ್ಜಿ ಸಲ್ಲಿಸುತ್ತಿದ್ದೇನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 2020ರಲ್ಲಿ ಶೇ. 71 ಅಂಕಗಳೊಂದಿಗೆ ಬಿ.ಕಾಂ. ಮುಗಿಸಿದ್ದೇನೆ. 2021ರ ಜುಲೈನಿಂದ ಕುಮಟಾದ ಒಂದು ಗೇರುಬೀಜ ಸಂಸ್ಕರಣಾ ಘಟಕದಲ್ಲಿ ಲೆಕ್ಕಪತ್ರದ ಕೆಲಸ ನೋಡಿಕೊಳ್ಳುತ್ತಿದ್ದೇನೆ.

ಸದ್ಯ ನನ್ನ ಹೊಣೆಯಲ್ಲಿರುವ ಕೆಲಸಗಳು ಇಂತಿವೆ: ಟ್ಯಾಲಿ ಪ್ರೈಮ್‌ನಲ್ಲಿ ದಿನವಹಿ ಜಮಾ-ಖರ್ಚು, ಬ್ಯಾಂಕ್ ತಾಳೆ, ಸರಕಿನ ದಾಸ್ತಾನು ಪುಸ್ತಕ, 62 ಕೆಲಸಗಾರರ ಸಂಬಳ ಪಟ್ಟಿ ಮತ್ತು ಭವಿಷ್ಯ ನಿಧಿ, ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1 ಹಾಗೂ 20ರೊಳಗೆ ಜಿಎಸ್‌ಟಿಆರ್-3ಬಿ. ಗೇರುಬೀಜದಲ್ಲಿ ಅಡಿಕೆಗಿಲ್ಲದ ಒಂದು ತೊಡಕಿದೆ. ರೈತರಿಂದ ಸಿಪ್ಪೆಸಹಿತ ಬೀಜ ಕೊಂಡಾಗ ತೆರಿಗೆಯನ್ನು ಕೊಂಡವರೇ ಕಟ್ಟಬೇಕು. ಉದಾಹರಣೆಗೆ, 80 ಕಿಲೋದ 50 ಚೀಲವನ್ನು ಕಿಲೋಗೆ ₹120ರಂತೆ ಕೊಂಡರೆ ಖರೀದಿ ₹4,80,000, ಅದರ ಮೇಲೆ ಶೇ. 5ರಂತೆ ₹24,000. ಈ ಮೊತ್ತವನ್ನು ಹಿಂದಿನ ಕ್ರೆಡಿಟ್‌ನಿಂದ ಸರಿದೂಗಿಸಲು ಬರುವುದಿಲ್ಲ, ನಗದು ಲೆಡ್ಜರ್‌ನಿಂದಲೇ ತುಂಬಿ ಆಮೇಲೆ ಕ್ರೆಡಿಟ್ ಪಡೆಯಬೇಕು. ಹಂಗಾಮಿನಲ್ಲಿ ಈ ಹಣವನ್ನು ಮೊದಲೇ ತೆಗೆದಿಡದಿದ್ದರೆ 20ನೇ ತಾರೀಕಿಗೆ ಪೇಚಾಟ ಖಂಡಿತ. ಹೀಗಾಗಿ ಪ್ರತಿ ಶನಿವಾರ ಆ ವಾರದ ಖರೀದಿಯ ಬಾಬ್ತು ತೆರಿಗೆಯನ್ನು ಬೇರೆ ಖಾತೆಗೆ ವರ್ಗಾಯಿಸುವ ಕ್ರಮ ನಮ್ಮಲ್ಲಿದೆ.

ತಮ್ಮ ಸಂಘದ ಕೆಲಸ ಇದಕ್ಕಿಂತ ಭಿನ್ನ ಎಂಬ ಅರಿವು ನನಗಿದೆ. ಸದಸ್ಯರು ತಂದ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟುಗಳನ್ನು ಪ್ರತ್ಯೇಕ ಲಾಟುಗಳಾಗಿ ಟೆಂಡರಿಗಿಟ್ಟು, ಆದ ದರದಂತೆ ಮಾರಾಟ ಪಟ್ಟಿ ಮಾಡಿ, ಸಾಲದ ಬಾಕಿ, ಹಮಾಲಿ ಮತ್ತು ಕಮಿಷನ್ ಕಳೆದು ಉಳಿದದ್ದನ್ನು ಸದಸ್ಯರ ಖಾತೆಗೆ ಜಮಾ ಮಾಡುವಲ್ಲಿ ಒಂದೇ ಹೆಸರಿನವರ ಗೊಂದಲವೇ ದೊಡ್ಡದೆಂದು ಭಾವಿಸುತ್ತೇನೆ. ನಮ್ಮ ಕಡೆ ಒಂದೇ ಊರಿನಲ್ಲಿ ಮೂವರು ಗಣಪತಿ ರಾಮಚಂದ್ರ ಹೆಗಡೆಯವರು ಇರುವುದು ಅಪರೂಪವೇನಲ್ಲ. ಬೀಜ ಕೊಡುವ ರೈತರ ಲೆಡ್ಜರುಗಳಲ್ಲೂ ಇದೇ ತೊಂದರೆ ಇದ್ದುದರಿಂದ ಟ್ಯಾಲಿಯಲ್ಲಿ ಖಾತೆಯ ಹೆಸರನ್ನು ಸಂಖ್ಯೆಯಿಂದ ಆರಂಭಿಸಿ, ಅದರ ಮುಂದೆ ಹೆಸರು ಮತ್ತು ಊರು ಬರುವಂತೆ ಮಾಡಿದ್ದೇನೆ: 0417 – ಗಣಪತಿ ರಾಮಚಂದ್ರ ಹೆಗಡೆ – ವಾನಳ್ಳಿ. ಪಟ್ಟಿಯಲ್ಲಿ ಸಂಖ್ಯೆಯಿಂದಲೇ ಹುಡುಕುವುದರಿಂದ ಒಬ್ಬರ ಹಣ ಮತ್ತೊಬ್ಬರ ಖಾತೆಗೆ ಹೋಗುವ ಸಂದರ್ಭ ಬಹಳ ಕಡಿಮೆಯಾಗುತ್ತದೆ. ತಮ್ಮ ಸಂಘದಲ್ಲಿ ಸದಸ್ಯತ್ವ ಸಂಖ್ಯೆ ಇದ್ದೇ ಇರುವುದರಿಂದ ಈ ಕ್ರಮ ಸುಲಭವಾಗಿ ಒಗ್ಗುತ್ತದೆ.

ಹೊರರಾಜ್ಯದ ವ್ಯಾಪಾರಿಗಳಿಗೆ ಬಿಲ್ಲು ಮಾಡಿದ ಅನುಭವವೂ ಇದೆ. ನಮ್ಮ ಗೇರುಬೀಜದ ತಿರುಳು ಮಹಾರಾಷ್ಟ್ರ ಮತ್ತು ಗುಜರಾತಿಗೆ ಹೋಗುತ್ತದೆ. ಖರೀದಿದಾರರ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು (ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗುಜರಾತಿಗೆ 24) ಮತ್ತು ಸರಕು ಇಳಿಯುವ ಸ್ಥಳವನ್ನು ಒಟ್ಟಿಗೆ ನೋಡಿಯೇ ಬಿಲ್ಲು ಬಿಡುತ್ತೇನೆ. ಐಜಿಎಸ್‌ಟಿ ಹಾಕಬೇಕಾದಲ್ಲಿ ಶೇ. 2.5ರಂತೆ ಎರಡು ಭಾಗ ಮಾಡಿಬಿಟ್ಟರೆ ಖರೀದಿದಾರರಿಗೆ ಕ್ರೆಡಿಟ್ ಸಿಗದೆ ಅವರು ಹಣ ತಡೆಹಿಡಿಯುತ್ತಾರೆ. ಅದನ್ನು ಆಮೇಲೆ ತಿದ್ದುವುದಕ್ಕಿಂತ ಜಿಎಸ್‌ಟಿಆರ್-1 ಸಲ್ಲಿಸುವ ಮೊದಲೇ ಹಿಡಿಯುವುದು ಲೇಸು. ₹50,000 ಮೀರಿದ ಸರಕಿಗೆ ಇ-ವೇ ಬಿಲ್, ಅದಕ್ಕೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ಹುಬ್ಬಳ್ಳಿಯಲ್ಲಿ ಲಾರಿ ಬದಲಾದರೆ ಹೊಸ ವಾಹನದ ಸಂಖ್ಯೆಯನ್ನು ಭಾಗ-ಬಿಯಲ್ಲಿ ನಮೂದಿಸಬೇಕು. ಅವಧಿ ಮುಗಿಯುವ ಮುಂಚಿನ ಅಥವಾ ಮುಗಿದ ನಂತರದ 8 ಗಂಟೆಯೊಳಗೆ ವಿಸ್ತರಣೆ ಪಡೆಯದಿದ್ದರೆ ದಾರಿಯಲ್ಲಿ ತಪಾಸಣೆಗೆ ಸಿಕ್ಕಿಕೊಳ್ಳುವ ಸಾಧ್ಯತೆ ಇರುತ್ತದೆ. ಆದ್ದರಿಂದ ಲಾರಿ ಹೊರಟ ದಿನವೇ ಚಾಲಕರ ಫೋನ್ ಸಂಖ್ಯೆ ಬರೆದಿಟ್ಟುಕೊಳ್ಳುತ್ತೇನೆ.

ಸದಸ್ಯರಿಗೆ ಕಳುಹಿಸುವ ಸೂಚನಾ ಪತ್ರಗಳನ್ನು ನುಡಿಯಲ್ಲಿ ಬೆರಳಚ್ಚು ಮಾಡಬಲ್ಲೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿರುವ ಕಡತಗಳು ಸದಸ್ಯರ ಫೋನುಗಳಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುವುದರಿಂದ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಪಿಡಿಎಫ್ ಮಾಡಿ ಕಳುಹಿಸುವ ಕೆಲಸವೂ ಗೊತ್ತಿದೆ. ಕನ್ನಡ, ಕೊಂಕಣಿ ಎರಡರಲ್ಲೂ ಸಲೀಸಾಗಿ ಮಾತನಾಡುತ್ತೇನೆ. ವ್ಯಾಪಾರಿಗಳೊಂದಿಗೆ ಹಿಂದಿಯಲ್ಲಿ ವ್ಯವಹರಿಸಬಲ್ಲೆ.

ಸೂಚನೆಯಲ್ಲಿ ಅಪೇಕ್ಷಿಸಿರುವ ಸಹಕಾರ ನಿರ್ವಹಣಾ ಡಿಪ್ಲೊಮಾ ನನ್ನದು ಆಗಿಲ್ಲ. ಆಯ್ಕೆಯಾದಲ್ಲಿ ಸಂಘ ಸೂಚಿಸಿದ ಅವಧಿಯೊಳಗೆ ಅದನ್ನು ಪೂರೈಸಲು ಸಿದ್ಧಳಿದ್ದೇನೆ. ಅಡಿಕೆಯ ದರ್ಜೆ ನೋಡಿ ಹೇಳುವ ಪರಿಣತಿಯೂ ನನಗಿಲ್ಲ. ಲಾಟಿನ ಚೀಟಿಯಲ್ಲಿ ಇದ್ದದ್ದನ್ನು ತಪ್ಪಿಲ್ಲದೆ ಪುಸ್ತಕಕ್ಕೆ ಇಳಿಸುವುದಷ್ಟೇ ನನ್ನ ಕೆಲಸವೆಂದು ತಿಳಿದಿದ್ದೇನೆ.

ಸದ್ಯದ ನನ್ನ ಮಾಸಿಕ ವೇತನ ₹19,500. ತಮ್ಮಲ್ಲಿ ₹24,000 ನಿರೀಕ್ಷಿಸುತ್ತೇನೆ. ಸಂಘದ ನಿಗದಿತ ವೇತನ ಶ್ರೇಣಿ ಇದ್ದಲ್ಲಿ ಅದರ ಬಗ್ಗೆ ಸಂದರ್ಶನದಲ್ಲಿ ಮಾತನಾಡಲು ಸಿದ್ಧಳಿದ್ದೇನೆ. ಈಗಿನ ಕೆಲಸ ಬಿಡಲು 30 ದಿನಗಳ ಮುನ್ಸೂಚನೆ ಕೊಡಬೇಕು. ಜನವರಿ ಅಂತ್ಯದೊಳಗೆ ಆಯ್ಕೆ ತಿಳಿಸಿದಲ್ಲಿ ಮಾರ್ಚ್ 2, ಸೋಮವಾರದಂದು, ಅಂದರೆ ಚಾಲಿಯ ಆವಕ ಹೆಚ್ಚುವ ಮೊದಲು, ಹಾಜರಾಗಬಲ್ಲೆ. ಇದು ಮಾರಿಕಾಂಬಾ ಜಾತ್ರೆಯ ವರ್ಷವಾದ್ದರಿಂದ ಶಿರಸಿಯಲ್ಲಿ ಬಾಡಿಗೆ ಕೋಣೆ ಸಿಗುವುದು ಕಷ್ಟವೆಂದು ಗೊತ್ತು. ವಾಸಕ್ಕೆ ಚಿಕ್ಕಮ್ಮನವರ ಮನೆಯಲ್ಲಿ ವ್ಯವಸ್ಥೆ ಆಗಿದೆ, ಆದುದರಿಂದ ಕುಮಟಾದಿಂದ ದಿನವೂ ಘಾಟಿ ಹತ್ತಿ ಬರುವ ಪ್ರಶ್ನೆ ಇಲ್ಲ.

ಸಂದರ್ಶನಕ್ಕೆ ಜನವರಿ 19 ಮತ್ತು 20 ಬಿಟ್ಟು ಯಾವುದೇ ದಿನ ಬರಬಲ್ಲೆ. ಆ ಎರಡು ದಿನ ಜಿಎಸ್‌ಟಿಆರ್-3ಬಿ ಸಲ್ಲಿಕೆ ಇರುತ್ತದೆ. ಒಂದು ದಿನ ಮುಂಚಿತವಾಗಿ ತಿಳಿಸಿದರೆ ಸಾಕು. ಟ್ಯಾಲಿಯಲ್ಲಿ ಪ್ರಾಯೋಗಿಕ ಪರೀಕ್ಷೆ ಇಟ್ಟರೂ ಅಭ್ಯಂತರವಿಲ್ಲ.

ಒಂದು ವಿನಂತಿ: ಈಗ ಕೆಲಸ ಮಾಡುತ್ತಿರುವ ಘಟಕಕ್ಕೆ ಈ ಅರ್ಜಿಯ ವಿಷಯ ತಿಳಿದಿಲ್ಲ. ಆಯ್ಕೆ ಖಚಿತವಾಗುವವರೆಗೆ ಅಲ್ಲಿಗೆ ಕರೆ ಮಾಡದಿರಬೇಕಾಗಿ ಕೋರುತ್ತೇನೆ. ನನ್ನ ಬಗ್ಗೆ ವಿಚಾರಿಸಲು ಘಟಕದ ಹಿಂದಿನ ವ್ಯವಸ್ಥಾಪಕರು ಮತ್ತು ಕಾಲೇಜಿನ ವಾಣಿಜ್ಯ ವಿಭಾಗದ ಉಪನ್ಯಾಸಕರು ಒಪ್ಪಿದ್ದಾರೆ. ಅವರ ಹೆಸರು, ದೂರವಾಣಿ ಸಂಖ್ಯೆ ಸ್ವವಿವರದ ಎರಡನೇ ಪುಟದಲ್ಲಿವೆ. ನನ್ನ ಸಂಖ್ಯೆ ಮೊದಲ ಪುಟದ ಮೇಲ್ಭಾಗದಲ್ಲಿದೆ. ಕಚೇರಿ ವೇಳೆಯಲ್ಲಿ ಕರೆ ಸ್ವೀಕರಿಸಲಾಗದಿದ್ದಲ್ಲಿ ಸಂಜೆ 6ರ ನಂತರ ನಾನೇ ಮರಳಿ ಕರೆ ಮಾಡುತ್ತೇನೆ.

ಅರ್ಜಿಯನ್ನು ಪರಿಶೀಲಿಸಿ ಸಂದರ್ಶನಕ್ಕೆ ಅವಕಾಶ ನೀಡಬೇಕಾಗಿ ವಿನಂತಿಸುತ್ತೇನೆ. ಈ ಇ-ಮೇಲ್ ತಲುಪಿದ ಬಗ್ಗೆ ಒಂದು ಸಾಲಿನ ಮಾರುತ್ತರ ಕಳುಹಿಸಿದಲ್ಲಿ ಉಪಕೃತಳಾಗಿರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ದೀಪಾ ಗಣಪತಿ ನಾಯ್ಕ
ಕುಮಟಾ, ಉತ್ತರ ಕನ್ನಡ ಜಿಲ್ಲೆ

ಲಗತ್ತುಗಳು (ಎಲ್ಲವೂ ಪಿಡಿಎಫ್, ಒಟ್ಟು 2 ಎಂಬಿಗಿಂತ ಕಡಿಮೆ):
1. ಸ್ವವಿವರ, 2 ಪುಟ
2. ಬಿ.ಕಾಂ. ಪದವಿ ಪ್ರಮಾಣಪತ್ರ ಮತ್ತು ಆರು ಸೆಮಿಸ್ಟರ್‌ಗಳ ಅಂಕಪಟ್ಟಿ
3. ಟ್ಯಾಲಿ ತರಬೇತಿಯ ಪ್ರಮಾಣಪತ್ರ

ಸೂಚನೆಯಲ್ಲಿ ಕೇಳಿರುವ ಜನ್ಮದಿನಾಂಕದ ದಾಖಲೆಯ ಮೂಲ ಪ್ರತಿಯನ್ನು ಸಂದರ್ಶನದ ದಿನ ಹಾಜರುಪಡಿಸುತ್ತೇನೆ.